ಮಿಸ್ಡ್ ಕಾಲ್ ಕೊಟ್ರೆ ಎತ್ತಿಬಿಡ್ತಾಳೆ!

ಆಪ್ತಸಲಹೆಗೆ ಅಂತ ನನ್ನ ಹತ್ರ ಬರೋರಲ್ಲಿ ಮಿಸ್ಡ್ ಕಾಲ್ ಜಗಳ ಅಂತ ಹೇಳ್ಕೊಂಡು ಯಾರೂ ಬರಲ್ಲ. ಅತ್ತೆ ಬೆನ್ನು ಬಿಡ್ತಿಲ್ಲ ಅಂತ ಬರ್ತಾರೆ, ಅಪ್ಪ ಇನ್ನೂ ಚಿಕ್ಕ ಹುಡುಗಿ ಥರ ನೋಡ್ತಾರೆ ಅಂತ ಬರ್ತಾರೆ, ಹಳೇ ಫ್ರೆಂಡು ನನ್ನ ಲೆಕ್ಕಕ್ಕೇ ಇಟ್ಕೊಂಡಿಲ್ಲ ಅಂತ ಬರ್ತಾರೆ. ಅರ್ಧ ಗಂಟೆ ಮಾತಾಡಿದ್ಮೇಲೆ ಫೋನು ಟೇಬಲ್ ಮೇಲೆ ಬರುತ್ತೆ, ನೋಡಿ ಮೇಡಮ್ ಅಂತ ಕಾಲ್ ಲಿಸ್ಟ್ ತೋರಿಸ್ತಾರೆ, ಅಲ್ಲಿ ಸಾಲಾಗಿ ಕೆಂಪು ಬಾಣದ ಗುರುತು. ಇದು ಎಷ್ಟು ಸಲ ಆಗಿದೆ ಅಂದ್ರೆ ಈಗ ನಾನೇ ಕೇಳ್ಬಿಡ್ತೀನಿ, ನಿಮ್ಮ ಮನೇಲಿ ಮಿಸ್ಡ್ ಕಾಲ್ ಕೊಡೋ ಅಭ್ಯಾಸ ಉಂಟಾ ಅಂತ. ಇಲ್ಲಿ ಬರೀತಿರೋ ಕೇಸಲ್ಲಿ ಇಬ್ಬರ ಒಪ್ಪಿಗೆನೂ ತಗೊಂಡಿದೀನಿ, ಗುರುತು ಸಿಗೋ ವಿವರ ಎಲ್ಲಾ ಬದಲಾಯಿಸಿದೀನಿ, ಹೆಸರಂತೂ ಬೇಕೇ ಇಲ್ಲ, ಸೊಸೆ ಮತ್ತು ಅತ್ತೆ ಅಂದ್ರೆ ಸಾಕು.

ಸೊಸೆಗೆ ಮೂವತ್ತರ ಆಸುಪಾಸು, ಕೆಲಸಕ್ಕೆ ಹೋಗ್ತಾರೆ. ಅತ್ತೆ ಬೇರೆ ಊರಲ್ಲಿ ಒಬ್ಬರೇ ಇರ್ತಾರೆ, ಗಟ್ಟಿಮುಟ್ಟಾಗಿದ್ದಾರೆ, ಯಾರ ಹಂಗೂ ಬೇಡ ಅನ್ನೋ ಸ್ವಭಾವ. ಮೊದಲು ಬಂದಿದ್ದು ಸೊಸೆ ಒಬ್ಬರೇ. ಅವರ ದೂರು ಒಂದೇ ವಾಕ್ಯದಲ್ಲಿ ಹೇಳ್ಬೋದು: ನಮ್ಮತ್ತೆ ನನಗೆ ಫೋನ್ ಮಾಡಲ್ಲ, ಬರೀ ಮಿಸ್ಡ್ ಕಾಲ್ ಕೊಡ್ತಾರೆ, ಅಂದ್ರೆ ನಾನು ಓಡಿ ಬಂದು ಎತ್ತಬೇಕು, ಇಲ್ಲಾ ವಾಪಸ್ ಫೋನ್ ಮಾಡ್ಬೇಕು. ಎತ್ತಿದ್ರೆ ಆ ಕಡೆಯಿಂದ "ಏನಿಲ್ಲ, ಸುಮ್ನೆ" ಅಂತಾರೆ. ಸುಮ್ನೆ ಅಂದ್ರೆ ಏನು ಮೇಡಮ್, ಕರೆದು ನಿಲ್ಲಿಸಿಕೊಂಡು ಸುಮ್ನೆ ಕರೆದೆ ಅಂದ ಹಾಗಲ್ವಾ, ಅಂತ ಕೇಳಿದ್ರು. ಇಷ್ಟು ಹೇಳೋವಾಗ ಅವರ ದನಿ ನಡುಗ್ತಿತ್ತು, ಆದ್ರಿಂದ ಇದು ಬರೀ ಫೋನಿನ ವಿಷ್ಯ ಅಲ್ಲ ಅಂತ ನಂಗೂ ಅನಿಸಿತ್ತು. ಆದ್ರೂ ಫೋನಿನ ವಿಷ್ಯವನ್ನೇ ಮೊದಲು ಬಿಡಿಸೋಣ ಅಂತ ಹಿಡ್ಕೊಂಡೆ, ಯಾಕಂದ್ರೆ ಇಂಥ ಕಡೆ ಒಳಗಿನ ದುಃಖ, ಬಾಲ್ಯ ಅಂತ ಮೊದಲ ದಿನವೇ ಆಳಕ್ಕೆ ಇಳಿದ್ರೆ ಜನ ಎರಡನೇ ಸಲ ಬರೋದೇ ಇಲ್ಲ.

ಅವರ ತವರಲ್ಲಿ ಮಿಸ್ಡ್ ಕಾಲ್ ಹೇಗಿತ್ತು ಅಂತ ಕೇಳ್ದೆ. ತಕ್ಷಣ ಉತ್ತರ ಬಂತು. ಅಮ್ಮನ ಫೋನಲ್ಲಿ ಬ್ಯಾಲೆನ್ಸ್ ಇರ್ತಾ ಇದ್ದಿದ್ದೇ ಕಮ್ಮಿ, ಅಮ್ಮ ಮಿಸ್ಡ್ ಕಾಲ್ ಕೊಟ್ರು ಅಂದ್ರೆ ಏನೋ ಅರ್ಜೆಂಟ್, ಅಪ್ಪ ಇದ್ದ ಕೆಲಸ ಬಿಟ್ಟು ವಾಪಸ್ ಮಾಡ್ಬೇಕು, ಮಾಡೋದು ತಡ ಆದ್ರೆ ಮನೇಲಿ ಜಗಳ. ಅಂದ್ರೆ ಈ ಹುಡುಗಿ ಬೆಳೆದ ಮನೇಲಿ ಮಿಸ್ಡ್ ಕಾಲ್‌ಗೆ ಇದ್ದಿದ್ದು ಒಂದೇ ಅರ್ಥ, "ಈಗಲೇ ಮಾಡು". ನಮಸ್ಕಾರ ಹೇಳೋಕೆ ಯಾರಾದ್ರೂ ಫೋನ್ ರಿಂಗ್ ಮಾಡಿ ಕಟ್ ಮಾಡ್ತಾರೆ ಅನ್ನೋದು ಅವರ ಮನೆಗೆ ಗೊತ್ತೇ ಇಲ್ಲದ ಸಂಗತಿ.

ಮುಂದಿನ ಸಲ ಅತ್ತೆನೂ ಬಂದ್ರು, ಅಷ್ಟು ಮನಸ್ಸಿಂದ ಏನಲ್ಲ, ಮಗ ಒತ್ತಾಯ ಮಾಡಿದ್ದಕ್ಕೆ. ಕುರ್ಚಿ ತುದೀಲಿ ಕೂತು, ಬ್ಯಾಗು ತೊಡೆ ಮೇಲೆ ಇಟ್ಕೊಂಡು, ನಾನು ಕೇಳೋ ಮೊದಲೇ ಅವರೇ ಶುರು ಮಾಡಿದ್ರು. ನಿಮ್ಮ ಸೊಸೆ ಬಗ್ಗೆ ನಿಮಗೇನು ಬೇಜಾರು ಅಂತ ಕೇಳೋಕೆ ನಾನು ಬಾಯಿ ತೆಗೆದಿದ್ದೆ ಅಷ್ಟೇ.

"ಬೇಜಾರು ಅಂತೇನಿಲ್ಲಮ್ಮ. ಒಳ್ಳೇ ಹುಡುಗಿ. ಆದ್ರೆ ಮಿಸ್ಡ್ ಕಾಲ್ ಕೊಟ್ರೆ ಎತ್ತಿಬಿಡ್ತಾಳೆ!"

ಸೊಸೆ ನನ್ನ ಮುಖ ನೋಡಿದ್ರು, ನಾನು ಅವರ ಮುಖ ನೋಡಿದೆ. ಎತ್ತೋದು ತಪ್ಪು ಅಂತ ದೂರು ಹೇಳ್ತಿದಾರೆ ಅಂತ ಅರ್ಥ ಆಗೋಕೆ ಇಬ್ಬರಿಗೂ ಸ್ವಲ್ಪ ಹೊತ್ತು ಬೇಕಾಯ್ತು. ಎತ್ತದೆ ಇನ್ನೇನು ಮಾಡ್ಬೇಕು ಅತ್ತೆ ಅಂತ ಸೊಸೆ ಕೇಳಿದ್ರು. ಅದಕ್ಕೆ ಅತ್ತೆ, "ನೀನೂ ಒಂದು ಕೊಡು, ಅಷ್ಟೇ. ನಿನ್ನ ನಾದಿನಿ ಕೊಡ್ತಾಳಲ್ಲ, ನಾನು ಎದ್ದೆ ಅಂತ ನಾನು ಕೊಡೋದು, ಅವಳೂ ಎದ್ದೆ ಅಂತ ಅವಳು ಕೊಡೋದು. ನೀನು ಎತ್ತಿ ಹಲೋ ಹೇಳಿ ಅತ್ತೆ ಅಂತೀಯ, ನಾನೇನು ಹೇಳ್ಲಿ? ಹೇಳೋಕೇನಿದೆ ಆ ಹೊತ್ತಲ್ಲಿ? ಬಾಯಿಗೆ ಬಂದಿದ್ದು ಏನೋ ಹೇಳ್ತೀನಿ, ನಿಂಗೆ ಹೊತ್ತಾಗುತ್ತೆ, ನೀನು ಹೂಂ ಹೂಂ ಅಂತೀಯ, ನಂಗೆ ಬೇಜಾರಾಗುತ್ತೆ."

ಇಬ್ಬರ ಫೋನೂ ಟೇಬಲ್ ಮೇಲೆ ಇಡೋಕೆ ಹೇಳ್ದೆ. ಇದನ್ನ ನಾನು ಒಪ್ಪಿಗೆ ಕೇಳಿಯೇ ಮಾಡ್ತೀನಿ, ಬೇಡ ಅಂದ್ರೆ ಬಿಟ್ಬಿಡ್ತೀನಿ. ಆದ್ರೆ ಕಾಲ್ ಲಿಸ್ಟ್ ಇದೆಯಲ್ಲ, ಅದು ನೆನಪಿಗಿಂತ ನಂಬಿಕಸ್ಥ. ಯಾವಾಗಲೂ ಕೊಡ್ತಾರೆ, ದಿನವಿಡೀ ಕೊಡ್ತಾರೆ ಅಂತ ಒಬ್ಬರು ಅಂತಾರೆ, ಯಾವಾಗಲೋ ಒಂದು ಅಂತ ಇನ್ನೊಬ್ಬರು ಅಂತಾರೆ, ಲಿಸ್ಟಲ್ಲಿ ಟೈಮ್ ಸಮೇತ ಬರೆದಿರುತ್ತೆ. ಅತ್ತೆ ಫೋನಲ್ಲಿ ಬೆಳಗ್ಗೆ ಆರೂವರೆ ಆದ್ಮೇಲೆ ಔಟ್‌ಗೋಯಿಂಗ್ ನಾಲ್ಕು: ಮಗಳು, ತಂಗಿ, ಮಗ, ಸೊಸೆ. ಒಂದೊಂದರ ಮಧ್ಯೆ ಒಂದು ನಿಮಿಷ. ಪ್ರತಿ ದಿನ ಅದೇ ಕ್ರಮ. ಮೊದಲ ಮೂರಕ್ಕೂ ಸ್ವಲ್ಪ ಹೊತ್ತಿಗೆ ವಾಪಸ್ ಒಂದೊಂದು ಮಿಸ್ಡ್ ಕಾಲ್. ನಾಲ್ಕನೇದರಲ್ಲಿ ಮಾತ್ರ ಮಾತಾಡಿದ ಸಮಯ, ಐವತ್ತು ಸೆಕೆಂಡು, ಒಂದು ನಿಮಿಷ, ನಲವತ್ತು ಸೆಕೆಂಡು.

ಸೊಸೆ ಅದನ್ನ ಬೆರಳಲ್ಲಿ ಮೇಲೆ ಕೆಳಗೆ ತಳ್ಳಿ ತಳ್ಳಿ ನೋಡಿದ್ರು. ಅವರಿಗೆ ತಮ್ಮ ಫೋನಲ್ಲಿ ಕಾಣ್ತಿದ್ದಿದ್ದು ತಮಗೊಬ್ಬರಿಗೇ ಬಂದ ಕರೆ, ಅತ್ತೆ ಫೋನಲ್ಲಿ ಕಂಡಿದ್ದು ನಾಲ್ಕು ಜನರ ಸಾಲಲ್ಲಿ ತಮ್ಮ ಹೆಸರು. ಇಲ್ಲಿಗೆ ಕಣ್ಣೀರು, ಅಪ್ಪುಗೆ ಅಂತ ಮುಗಿದಿದ್ರೆ ನಾನು ಇದನ್ನ ಬರೀತಾನೇ ಇರ್ಲಿಲ್ಲ. ಸೊಸೆ ಲಿಸ್ಟನ್ನ ಇನ್ನಷ್ಟು ಕೆಳಗೆ ತಳ್ಳಿ ಒಂದು ಕಡೆ ನಿಲ್ಲಿಸಿದ್ರು. "ಇದು ಸರಿ ಮೇಡಮ್. ಇದೇನು ಕೇಳಿ."

ಅದು ರಾತ್ರಿದು. 8:38ಕ್ಕೆ ಮಗನಿಗೆ ಫೋನ್, ಎತ್ತಿಲ್ಲ. 8:39ಕ್ಕೆ ಸೊಸೆಗೆ ಮಿಸ್ಡ್ ಕಾಲ್. 8:40ಕ್ಕೆ ಮತ್ತೊಂದು. ಹಿಂದಿನ ದಿನಗಳನ್ನ ನೋಡಿದ್ರೆ ಹೀಗೇ ಮತ್ತೆ ಮತ್ತೆ ಇದೆ, ಯಾವಾಗೆಲ್ಲಾ ಮಗ ಎತ್ತಿಲ್ಲವೋ ಆವಾಗೆಲ್ಲಾ ಸೊಸೆಗೆ ಎರಡು. ಸೊಸೆ ಹೇಳಿದ ಮಾತು ನಾನು ಹಾಗೇ ಬರ್ಕೊಂಡಿದೀನಿ: "ಬೆಳಗ್ಗೆದು ನನಗೆ ಅಂತಾನೇ ಇಟ್ಕೊಳ್ಳೋಣ. ರಾತ್ರಿದು ನನಗಲ್ಲ, ಇವರ ಮಗ ಎಲ್ಲಿದ್ದಾರೆ ಅಂತ ಕೇಳೋಕೆ. ಅದಕ್ಕೂ ಇವರು ಫೋನ್ ಮಾಡಲ್ಲ, ನಾನೇ ಮಾಡಿ ವರದಿ ಒಪ್ಪಿಸಬೇಕು." ಅತ್ತೆ ಏನೂ ಮಾತಾಡ್ಲಿಲ್ಲ. ಬ್ಯಾಗಿನ ಜಿಪ್ಪು ಎಳೆದ್ರು, ಹಾಕಿದ್ರು. ಆಮೇಲೆ ನಿಧಾನಕ್ಕೆ, "ಅದು ಹೌದು" ಅಂದ್ರು.

ನನ್ನ ಪ್ರಕಾರ ಇಡೀ ಕೇಸು ಇಷ್ಟೇ. ಒಂದೇ ಸದ್ದು, ಎರಡು ಬೇರೆ ಬೇರೆ ಕೆಲಸ. ಮಿಸ್ಡ್ ಕಾಲಲ್ಲಿ ಮಾತಿಲ್ಲ, ಅಕ್ಷರ ಇಲ್ಲ, ಸ್ಕ್ರೀನ್ ಮೇಲೆ ಬರೋದು ಹೆಸರು ಮತ್ತು ಟೈಮ್ ಅಷ್ಟೇ. ಮಿಕ್ಕಿದ್ದೆಲ್ಲಾ ಪಡೆದವರು ತಾವೇ ತುಂಬ್ಕೋಬೇಕು, ಯಾರು ಕೊಟ್ರು, ಯಾವ ಹೊತ್ತಲ್ಲಿ, ಒಂದಾ ಎರಡಾ, ನಿನ್ನೆನೂ ಇದೇ ಹೊತ್ತಿಗೆ ಬಂದಿತ್ತಾ ಅಂತ. ತುಂಬ್ಕೊಳ್ಳೋವಾಗ ಪ್ರತಿಯೊಬ್ಬರೂ ತಮ್ಮ ಮನೆಯ ಅಭ್ಯಾಸದಿಂದ ತುಂಬ್ಕೋತಾರೆ.

ಜೊನಾಥನ್ ಡಾನರ್ ಅನ್ನೋ ಸಂಶೋಧಕರು ಆಫ್ರಿಕಾದಲ್ಲಿ ಜನ ಹೀಗೆ ಬೇಕಂತಲೇ ಕೊಡೋ ಮಿಸ್ಡ್ ಕಾಲ್ ಬಗ್ಗೆ 2007ರಲ್ಲಿ ಒಂದು ಲೇಖನ ಬರೆದಿದ್ರು, ಅಂದ್ರೆ ಇದು ನಮ್ಮಲ್ಲಿ ಮಾತ್ರ ಇರೋ ಚಾಳಿ ಅಂತ ಯಾರೂ ಅಂದ್ಕೋಬೇಡಿ. ಅವರು ಮೂರು ಥರ ಅಂತ ವಿಂಗಡಿಸ್ತಾರೆ: ವಾಪಸ್ ಫೋನ್ ಮಾಡು ಅನ್ನೋದು, ಮೊದಲೇ ಮಾತಾಡ್ಕೊಂಡ ಸೂಚನೆ ಕೊಡೋದು (ಬಂದು ತಲುಪಿದೆ, ಕೆಳಗೆ ನಿಂತಿದೀನಿ ಅನ್ನೋ ಥರ), ಮತ್ತೆ ಬರೀ ನೆನಪು ಮಾಡ್ಕೊಂಡೆ ಅನ್ನೋದು. ಮೂರಕ್ಕೂ ರಿಂಗು ಒಂದೇ. ಅಲ್ಲಿನ ಜನ ಹೇಳೋ ಒಂದು ನಿಯಮ ನಂಗೆ ತುಂಬಾ ಉಪಯೋಗಕ್ಕೆ ಬಂದಿದೆ, ಇಬ್ಬರಲ್ಲಿ ಯಾರ ಹತ್ರ ದುಡ್ಡು ಜಾಸ್ತಿ ಇದೆಯೋ ಅವರೇ ಕಾಲ್ ಮಾಡ್ಬೇಕು. ಹಾಗೇ ಹುಡುಗಿ ಮನಸ್ಸು ಗೆಲ್ಲೋಕೆ ಹೊರಟ ಹುಡುಗ ಮಿಸ್ಡ್ ಕಾಲ್ ಕೊಟ್ರೆ ಮರ್ಯಾದೆ ಹೋಯ್ತು ಅಂತಾನೂ ಇದೆ. ಕೇಳೋಕೆ ತಮಾಷೆ, ಆದ್ರೆ ನೋಡಿ, ಮಿಸ್ಡ್ ಕಾಲ್ ಒರಟು ಅನಿಸೋದು ಯಾವಾಗ ಅನ್ನೋದಕ್ಕೆ ಅರ್ಧ ಉತ್ತರ ಅಲ್ಲೇ ಇದೆ. ಖರ್ಚನ್ನೋ ಶ್ರಮವನ್ನೋ ನಾನು ಹೊರಬೇಕಾದ ಕಡೆ ನಿನ್ನ ಮೇಲೆ ಹಾಕಿದ್ರೆ ಅದು ಒರಟು.

ಅತ್ತೆಗೆ ಈ ಅಭ್ಯಾಸ ಎಲ್ಲಿಂದ ಬಂತು ಅನ್ನೋದೂ ಹೇಳ್ಬೇಕು, ಇಲ್ಲಾಂದ್ರೆ ಜಿಪುಣತನ ಅಂದ್ಕೋತೀರ. ನಮ್ಮಲ್ಲಿ ಮೊಬೈಲ್ ಬಂದ ಮೊದಲ ವರ್ಷಗಳಲ್ಲಿ ಫೋನ್ ಎತ್ತಿದವರಿಗೂ ಚಾರ್ಜು ಬೀಳ್ತಿತ್ತು, ಇನ್‌ಕಮಿಂಗ್ ಫ್ರೀ ಆಗಿದ್ದು 2003ರಲ್ಲಿ. ಅದಾದ್ಮೇಲೂ ಎತ್ತಿದ ಕ್ಷಣದಿಂದ ಮಾಡಿದವರ ಮೀಟರ್ ಓಡ್ತಿತ್ತು, ಎತ್ತದಿದ್ರೆ ಯಾರಿಗೂ ಪೈಸೆ ಇಲ್ಲ. ಹಾಗಾಗಿ ಮಿಸ್ಡ್ ಕಾಲ್ ಎತ್ತೋದು ಅಂದ್ರೆ ಕೊಟ್ಟವರ ದುಡ್ಡು ಕಳೆಯೋದು, ಬೇಕಂತಲೇ ಎತ್ತಿ ಕಾಡಿಸೋದು ಫ್ರೆಂಡ್ಸ್ ಮಧ್ಯೆ ಒಂದು ಆಟವೇ ಆಗಿತ್ತು. ಈಗ ಮಾತಿಗೆ ಲೆಕ್ಕ ಇಲ್ಲ. ಆದ್ರೆ ಮಿಸ್ಡ್ ಕಾಲ್ ಹೋಗ್ಲಿಲ್ಲ. ದುಡ್ಡಿನ ಕಾರಣ ಕಳಚಿ ಬಿದ್ದಿದ್ದಕ್ಕೇ ಬರೀ ನಮಸ್ಕಾರವಾಗಿ ಉಳೀತು ಅಂತ ನಂಗನಿಸುತ್ತೆ. ಅತ್ತೆಗೆ ಎತ್ತಬಾರದು ಅನ್ನೋದು ಮರ್ಯಾದೆ, ಸೊಸೆಗೆ ಎತ್ತದೇ ಇರೋದು ಅವಮರ್ಯಾದೆ, ಇಬ್ಬರೂ ಪ್ರತಿ ಬೆಳಗ್ಗೆ ಒಬ್ಬರಿಗೊಬ್ಬರು ಮರ್ಯಾದೆ ಕೊಡೋಕೆ ಹೋಗಿ ಸಿಡಿಮಿಡಿ ಆಗ್ತಿದ್ರು.

ಇನ್ನು ಸಲಹೆ. ಮೊದಲನೇದು ಬೆಳಗ್ಗೆದು. ಅದನ್ನ ಎತ್ತಬೇಡಿ, ನೀವು ಬಿಡುವಾದಾಗ ಒಂದು ವಾಪಸ್ ಕೊಡಿ, ಆಫೀಸಿಗೆ ಹೋಗೋ ದಾರೀಲಿ ಆದ್ರೂ ಸರಿ, ಮಧ್ಯಾಹ್ನ ಆದ್ರೂ ಸರಿ, ಒಂದಿನ ಮರೆತ್ರೂ ಸರಿ ಅಂತ ಸೊಸೆಗೆ ಹೇಳ್ದೆ. ಕೊನೇದನ್ನ ಅತ್ತೆ ಬಾಯಲ್ಲೇ ಹೇಳಿಸ್ದೆ. ಇದು ಮುಖ್ಯ, ಯಾಕಂದ್ರೆ ವಾಪಸ್ ಬಂತಾ ಇಲ್ವಾ ಅಂತ ಲೆಕ್ಕ ಇಡೋಕೆ ಶುರು ಮಾಡಿದ ದಿನ ನಮಸ್ಕಾರ ಹೋಗಿ ಹಾಜರಿ ಪುಸ್ತಕ ಆಗುತ್ತೆ. "ನಾನು ಕೊಟ್ಟಿದ್ದೆ, ನೀನು ಕೊಡ್ಲಿಲ್ಲ" ಅನ್ನೋ ಮಾತು ಯಾವ ಮನೇಲಿ ಬರುತ್ತೋ ಅಲ್ಲಿ ನಾನು ಮಿಸ್ಡ್ ಕಾಲ್ ಪೂರ್ತಿ ನಿಲ್ಲಿಸೋಕೆ ಹೇಳ್ತೀನಿ. ಅತ್ತೆ ಅದಕ್ಕೆ, "ಒಂದಿನ ಬರ್ಲಿಲ್ಲ ಅಂದ್ರೆ ಗಾಬರಿ ಆಗೋದಿಲ್ವಾ" ಅಂದ್ರು. ನ್ಯಾಯವಾದ ಪ್ರಶ್ನೆ. ದಿನಾ ಬರೋದು ಬರದಿದ್ರೆ ಅದೇ ಒಂದು ಸುದ್ದಿ ಆಗ್ಬಿಡುತ್ತೆ, ಈ ಪದ್ಧತಿಯ ದೊಡ್ಡ ತೊಂದರೆನೇ ಅದು. ಎಷ್ಟೋ ಸಲ ಕಾರಣ ರೀಚಾರ್ಜ್ ಅವಧಿ ಮುಗಿದಿರೋದು ಅಷ್ಟೇ, ಔಟ್‌ಗೋಯಿಂಗ್ ನಿಂತ್ರೆ ಮಿಸ್ಡ್ ಕಾಲ್ ಕೊಡೋಕೂ ಆಗಲ್ಲ. ಗಾಬರಿ ಆದ್ರೆ ಮಿಸ್ಡ್ ಕಾಲ್ ಮೇಲೆ ಮಿಸ್ಡ್ ಕಾಲ್ ಕೊಡ್ಬೇಡಿ, ಫೋನ್ ಮಾಡಿ, ಎತ್ತೋವರೆಗೂ ರಿಂಗ್ ಆಗೋಕೆ ಬಿಡಿ ಅಂತ ಹೇಳ್ದೆ.

ಎರಡನೇದು ರಾತ್ರಿದು. ಇದರಲ್ಲಿ ನಾನು ಸೊಸೆ ಪರ ನಿಂತೆ, ಮುಚ್ಚುಮರೆ ಇಲ್ಲ. ಏನಾದ್ರೂ ಬೇಕಿದ್ರೆ, ಏನಾದ್ರೂ ಕೇಳೋದಿದ್ರೆ, ಅದಕ್ಕೆ ಮಿಸ್ಡ್ ಕಾಲ್ ಕೊಡಬಾರದು. ಕೇಳೋರು ಅವರು, ಹಾಗಾಗಿ ಫೋನ್ ಮಾಡೋ ಭಾರವೂ ಅವರದ್ದೇ. ಮಗ ಎತ್ತಲಿಲ್ಲ ಅಂದ್ರೆ ಮಗನಿಗೇ ಮತ್ತೆ ಮಾಡ್ಬೇಕು, ಇಲ್ಲಾ ಮೆಸೇಜ್ ಹಾಕ್ಬೇಕು, ಸೊಸೆ ಮಗನ ಎರಡನೇ ನಂಬರ್ ಅಲ್ಲ. ಈ ಮಾತು ಹೇಳಿದಾಗ ಅತ್ತೆಗೆ ಚುಚ್ಚಿತು, ಮುಖದಲ್ಲೇ ಕಾಣ್ತಿತ್ತು. ಆಮೇಲೆ ಮಗನನ್ನ ಬೇರೆ ಕೂರಿಸಿ ಹೇಳಿದ್ದು, ಅಮ್ಮನ ಫೋನ್ ಎತ್ತೋಕೆ ಆಗದಿದ್ರೆ ಅರ್ಧ ಗಂಟೆ ಒಳಗೆ ನೀವೇ ಮಾಡಿ, ನೀವು ಬಿಟ್ಟ ಕರೆಗೆ ಹೆಂಡತಿ ಉತ್ತರ ಕೊಡ್ತಿದ್ದಾರೆ ಅನ್ನೋದು ನಿಮಗೆ ಗೊತ್ತಾ ಅಂತ. ಗೊತ್ತಿರ್ಲಿಲ್ಲವಂತೆ. ಇರ್ಲಿ.

ನನ್ನ ಜೊತೆ ಕೆಲಸ ಮಾಡೋರೊಬ್ಬರು ಇದನ್ನ ಕೇಳಿ, ಇಷ್ಟೆಲ್ಲಾ ಯಾಕೆ, ಮಿಸ್ಡ್ ಕಾಲ್ ಬಿಟ್ಟು ದಿನಾ ಎರಡು ನಿಮಿಷ ಮಾತಾಡಿ ಅಂತ ಹೇಳಿದ್ರೆ ಸಂಬಂಧ ಗಟ್ಟಿ ಆಗ್ತಿತ್ತಲ್ಲ, ಈಗ ಫೋನ್ ಫ್ರೀ ಅಂದ್ರು. ನಾನು ಒಪ್ಪಲ್ಲ. ಆ ಎರಡು ನಿಮಿಷ ಅವರು ಅದಾಗಲೇ ದಿನಾ ಮಾತಾಡ್ತಿದ್ರು, ಜಗಳ ಹುಟ್ಟಿದ್ದೇ ಅದರಿಂದ. ಫೋನ್ ಎತ್ತಿಸಿದ್ರೆ ಎದುರಿನವರ ಸಮಯ, ಕಿವಿ, ದನಿ ಮೂರನ್ನೂ ಕೇಳಿದ ಹಾಗೆ, ಒಲೆ ಮುಂದೆ ಇದ್ರೂ ಬಸ್ಸಲ್ಲಿ ಇದ್ರೂ ಚೆನ್ನಾಗಿರೋ ದನಿ ತಂದು ಮಾತಾಡ್ಬೇಕು. ಮಿಸ್ಡ್ ಕಾಲ್ ಅದ್ಯಾವುದನ್ನೂ ಕೇಳಲ್ಲ. ಮುನಿಸು ಇದ್ದಾಗಲೂ ಕೊಡ್ಬೋದು, ಮಾತಿಗೆ ಏನೂ ಇಲ್ಲದಾಗಲೂ ಕೊಡ್ಬೋದು. ನನ್ನ ಅನುಭವದಲ್ಲಿ ಮಾತು ನಿಂತುಹೋದ ಅಪ್ಪ ಮಗನ ಮಧ್ಯೆ, ಮದುವೆ ಆದ್ಮೇಲೆ ದೂರ ಆದ ಗೆಳತಿಯರ ಮಧ್ಯೆ, ಕೊನೇವರೆಗೂ ಉಳಿಯೋದು ಇದೊಂದೇ. ಮಾತಾಡಿ ಮಾತಾಡಿ ಅಂತ ಎಲ್ಲರನ್ನೂ ತಳ್ಳೋ ಸಲಹೆಗಾರರಿಗೆ ಇದು ಹಿಡಿಸಲ್ಲ, ಹಿಡಿಸದಿದ್ರೆ ಬೇಡ.

ಹಾಗಂತ ಎಲ್ಲಾ ಮಿಸ್ಡ್ ಕಾಲನ್ನೂ ಸಮರ್ಥಿಸ್ತಿಲ್ಲ. ಅಧಿಕಾರ ಇರೋರು ಕೊಟ್ರೆ ಅದು ಯಾವತ್ತೂ ನಮಸ್ಕಾರ ಆಗಲ್ಲ, ಮೇಲಧಿಕಾರಿ ಮಿಸ್ಡ್ ಕಾಲ್ ಕೊಟ್ರೆ ಕೆಳಗಿನವರಿಗೆ ಅದು ಆಜ್ಞೆಯೇ, ಅವರು ಸುಮ್ನೆ ಕೊಟ್ಟೆ ಅಂದ್ರೂ ಅಷ್ಟೇ. ಅತ್ತೆ ಸೊಸೆ ವಿಷ್ಯದಲ್ಲೂ ಸ್ವಲ್ಪ ಇದೇ ಇತ್ತು, ಮಗಳಿಗೆ ಕೊಟ್ಟ ಅದೇ ರಿಂಗು ಸೊಸೆಗೆ ಆಜ್ಞೆ ಥರ ಕೇಳೋದು ಸೊಸೆಯ ಕೊಂಕು ಬುದ್ಧಿ ಅಲ್ಲ, ಮಗಳು ಬೇಕಾದ್ರೆ ತಿರುಗಿ ನೋಡದೆ ಇರ್ಬೋದು, ಸೊಸೆಗೆ ಆ ಸಲಿಗೆ ಇನ್ನೂ ಸಿಕ್ಕಿರಲ್ಲ. ಸಾಲ ಕೇಳೋಕೆ, ಸಹಾಯ ಕೇಳೋಕೆ ಮಿಸ್ಡ್ ಕಾಲ್ ಕೊಡೋದು ಕೆಟ್ಟದ್ದು. ಆಸ್ಪತ್ರೇಲಿ ಯಾರಿಗೋ ಏನೋ ಆಗಿ ಸುದ್ದಿಗೆ ಕಾಯ್ತಿರೋರಿಗಂತೂ ಕೊಡಲೇಬೇಡಿ, ಪ್ರತಿ ರಿಂಗಿಗೂ ಅವರ ಎದೆ ಧಸಕ್ ಅನ್ನುತ್ತೆ. ರಾತ್ರಿ ಹೊತ್ತೂ ಬೇಡ.

ಇನ್ನೊಂದು ಸಣ್ಣ ತಾಂತ್ರಿಕ ವಿಷ್ಯ ಇದೆ, ಇದರಿಂದಾನೂ ಮನಸ್ತಾಪ ನೋಡಿದೀನಿ. ಕೊಟ್ಟವರ ಕಿವಿಗೆ ಕೇಳೋ ರಿಂಗು, ಆ ಕಡೆ ಫೋನಲ್ಲಿ ಬಾರಿಸೋ ರಿಂಗು ಎರಡೂ ಒಂದೇ ಅಲ್ಲ, ಒಂದಕ್ಕೊಂದು ತಾಳೆ ಆಗಲ್ಲ. ಇಲ್ಲಿ ಒಂದೇ ರಿಂಗಿಗೆ ಕಟ್ ಮಾಡಿದ್ರೂ ಅಲ್ಲಿ ಎರಡು ಸಲ ಬಾರಿಸಿರ್ಬೋದು, ಇಲ್ಲಾ ಬಾರಿಸದೇ ಇರ್ಬೋದು. ಕಾಲರ್ ಟ್ಯೂನ್ ಹಾಕಿದ್ರೆ ರಿಂಗು ಎಣಿಸೋಕೇ ಆಗಲ್ಲ, ಹಾಡು ಕೇಳುತ್ತೆ. ಫೋನ್ ಆಫ್ ಇದ್ರೆ ಎಷ್ಟೋ ಕಡೆ ಆನ್ ಮಾಡಿದ್ಮೇಲೆ ಇಂಥವರಿಂದ ಮಿಸ್ಡ್ ಕಾಲ್ ಇತ್ತು ಅಂತ ಮೆಸೇಜ್ ಬರುತ್ತೆ, ಬೆಳಗ್ಗೆ ಕೊಟ್ಟಿದ್ದು ರಾತ್ರಿ ಕಾಣುತ್ತೆ. ಆದ್ರಿಂದ ಒಂದು ರಿಂಗ್ ಅಂದ್ರೆ ಇದು, ಎರಡು ರಿಂಗ್ ಅಂದ್ರೆ ಅದು ಅಂತ ಸಂಕೇತ ಮಾಡ್ಕೊಂಡಿರೋ ಕುಟುಂಬಗಳಿಗೆ ನಾನು ಹೇಳೋದು, ರಿಂಗಿನ ಲೆಕ್ಕ ಬಿಟ್ಟು ಹೊತ್ತಿನ ಲೆಕ್ಕ ಇಟ್ಕೊಳ್ಳಿ. ಈ ಅತ್ತೆ ಸೊಸೆಗೂ ಅದನ್ನೇ ಹೇಳಿದ್ದು, ಬೆಳಗ್ಗೆ ಏಳರ ಒಳಗೆ ಬಂದಿದ್ದು ನಮಸ್ಕಾರ, ಅದಕ್ಕೆ ಸೊಸೆ ಕೊಡೋ ವಾಪಸ್ ಒಂದು ಬಿಟ್ರೆ ಮಿಕ್ಕ ಹೊತ್ತಲ್ಲಿ ಮಿಸ್ಡ್ ಕಾಲ್ ಅನ್ನೋದೇ ಇಲ್ಲ, ಫೋನ್ ಬಂದ್ರೆ ಅದು ಎತ್ತಬೇಕಾದ ಫೋನ್.

ಆಮೇಲೆ ಸೊಸೆ ಒಬ್ಬರೇ ಮತ್ತೆ ಬಂದಿದ್ರು. ಬೆಳಗ್ಗೆದು ಸರಿ ಹೋಗಿದೆಯಂತೆ, ಭಾನುವಾರ ಇವರೇ ಮೊದಲು ಕೊಡ್ತಾರಂತೆ. ರಾತ್ರಿ ಮಿಸ್ಡ್ ಕಾಲ್ ನಿಂತಿದೆ, ಅದರ ಬದಲು ಅತ್ತೆ ನೇರ ಫೋನ್ ಮಾಡಿ ಮಗ ಎಲ್ಲಿ ಅಂತ ಕೇಳ್ತಾರಂತೆ. ಕಿರಿಕಿರಿ ಕಮ್ಮಿ ಆಗಿದೆಯಾ ಅಂತ ಕೇಳಿದ್ದಕ್ಕೆ, ಕಮ್ಮಿ ಏನಿಲ್ಲ, ಆದ್ರೆ ಈಗ "ಗೊತ್ತಿಲ್ಲ ಅತ್ತೆ, ಅವರನ್ನೇ ಕೇಳಿ" ಅಂತ ನಾನೇ ಹೇಳೋಕೆ ಆಗುತ್ತೆ, ಮೊದಲು ಅದು ಆಗ್ತಿರ್ಲಿಲ್ಲ ಅಂದ್ರು. ಮಗನ ಜೊತೆಗಿನ ಮುಂದಿನ ಮಾತುಕತೆ ಇನ್ನೂ ಬಾಕಿ ಇದೆ, ಆತ ಎರಡು ಸಲ ಟೈಮ್ ತಗೊಂಡು ಬಂದಿಲ್ಲ.